ಟಿಕೆಟ್‌ನಲ್ಲಿ ಗಂಡನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು: ಮೊದಲು ಯಾವುದನ್ನ ಸರಿ ಮಾಡಿಸಬೇಕು?

ಚನ್ನಗಿರಿ: ಮದುವೆಗೆ ಮೊದಲು ಮಾಡಿಸಿದ ಪಾಸ್‌ಪೋರ್ಟ್, ಮದುವೆ ಆದ್ಮೇಲೆ ಬುಕ್ ಮಾಡಿದ ವಿಮಾನ ಟಿಕೆಟ್. ಎರಡರಲ್ಲೂ ಇರೋದು ಒಬ್ಬಳೇ ಹೆಣ್ಣುಮಗಳು, ಆದರೆ ಹೆಸರು ಎರಡು. ದುಬೈ, ಮಸ್ಕತ್, ಜೆಡ್ಡಾ ಕಡೆ ಗಂಡ ಕೆಲಸಕ್ಕಿರುವ ಮನೆಗಳಲ್ಲಿ ಈ ಸಮಸ್ಯೆ ಬಂದಾಗ ಎಲ್ಲರಿಗೂ ಮೊದಲು ಹೊಳೆಯೋದು ಒಂದೇ: ‘ಪಾಸ್‌ಪೋರ್ಟ್ ಬದಲಾಯಿಸಿಬಿಡೋಣ’. ಪ್ರಯಾಣ ಹತ್ತಿರ ಇದ್ದರೆ ಅದೇ ತಪ್ಪು ದಾರಿ. ಸರಿ ಮಾಡಿಸಬೇಕಾದ್ದು ಟಿಕೆಟನ್ನ, ಪಾಸ್‌ಪೋರ್ಟನ್ನಲ್ಲ. ಯಾಕೆ, ಹೇಗೆ, ಎಲ್ಲಿ ಎಡವುತ್ತಾರೆ ಅನ್ನೋದನ್ನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಓದುಗರಿಗಾಗಿ ಮತ್ತು ಟಿಕೆಟ್ ಬುಕ್ ಮಾಡಿಕೊಡುವ ಅಂಗಡಿಯವರಿಗಾಗಿ ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಮದುವೆ ಆದ್ರೆ ಹಳೆ ಪಾಸ್‌ಪೋರ್ಟ್ ನಡೆಯಲ್ವಾ?

ನಡೆಯುತ್ತೆ. ಮದುವೆ ಆದ ಮೇಲೆ ಹೆಂಗಸರು ಹೆಸರು ಬದಲಾಯಿಸಿಕೊಳ್ಳಲೇಬೇಕು ಅಂತ ನಮ್ಮ ದೇಶದಲ್ಲಿ ಕಾನೂನಿಲ್ಲ. ತವರಿನ ಹೆಸರಲ್ಲೇ ಇರುವ ಪಾಸ್‌ಪೋರ್ಟ್, ಅದರ ಮೇಲೆ ಬರೆದಿರುವ ಕೊನೆ ದಿನಾಂಕದವರೆಗೂ ಊರ್ಜಿತ. ಮದುವೆ ನಂತರ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸಬೇಕಾಗಿಲ್ಲ ಅಂತ 2017ರ ಏಪ್ರಿಲ್‌ನಲ್ಲಿ ಪ್ರಧಾನಿಯವರೇ ಸಾರ್ವಜನಿಕವಾಗಿ ಹೇಳಿದ್ದರು. ಹಾಗಾಗಿ ‘ಮದುವೆಯಾಗಿದೆ, ಹಳೆ ಪಾಸ್‌ಪೋರ್ಟ್ ಕ್ಯಾನ್ಸಲ್’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ತೊಂದರೆ ಬರೋದು ಬೇರೆ ಕಡೆ. ವಿದೇಶಕ್ಕೆ ಹೋಗುವಾಗ ವಿಮಾನ ಕಂಪನಿಯ ಕೌಂಟರ್‌ನವರು ನೋಡೋದು ಪಾಸ್‌ಪೋರ್ಟ್ ಒಂದನ್ನೇ. ಅದರಲ್ಲಿರುವ ಹೆಸರು ಟಿಕೆಟ್‌ನಲ್ಲೂ ಇರಬೇಕು. ಆಧಾರ್, ವೋಟರ್ ಐಡಿ, ಪಾನ್ ಕಾರ್ಡ್ ಇವ್ಯಾವೂ ಅಲ್ಲಿ ಲೆಕ್ಕಕ್ಕೆ ಬರಲ್ಲ. ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹೋಗಿ ಬರುವ ಟಿಕೆಟ್ ಆದರೆ ಆಧಾರ್ ಹೆಸರಲ್ಲಿದ್ದರೆ ಆಧಾರ್ ತೋರಿಸಿ ಹೋಗಬಹುದು. ಆದರೆ ಬೆಂಗಳೂರು–ಮುಂಬೈ–ದುಬೈ ಅಂತ ಒಂದೇ ಬುಕಿಂಗ್ ಆಗಿದ್ದರೆ ಅದು ಮೊದಲಿನಿಂದ ಕೊನೆವರೆಗೂ ವಿದೇಶ ಪ್ರಯಾಣವೇ.

ನಮ್ಮ ಕಡೆ ಈ ತಪ್ಪು ಹುಟ್ಟೋದು ಹೇಗೆ

ನಮ್ಮ ತಾಲೂಕುಗಳಲ್ಲಿ ಎಷ್ಟೋ ಮನೆಗಳಿಗೆ ಮನೆತನದ ಅಡ್ಡಹೆಸರು ಅಂತ ಬಳಕೆಯಲ್ಲಿ ಇರಲ್ಲ. ಶಾಲೆ ದಾಖಲೆಯಲ್ಲಿ ಇನಿಶಿಯಲ್ ಇರುತ್ತೆ, ಇಲ್ಲಾ ಅಪ್ಪನ ಹೆಸರು ಇರುತ್ತೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ `Surname` ಅನ್ನೋ ಜಾಗ ಕಂಡಾಗ ಅಲ್ಲಿ ಅಪ್ಪನ ಹೆಸರನ್ನ ತುಂಬುತ್ತಾರೆ. ಮದುವೆ ಆದ್ಮೇಲೆ ರೇಷನ್ ಕಾರ್ಡ್‌ಗೆ ಸೇರಿಸೋಕೆ, ಬ್ಯಾಂಕ್ ಖಾತೆಗೆ ಅಂತ ಆಧಾರ್‌ನಲ್ಲಿ ವಿಳಾಸ ಬದಲಿಸುವಾಗ ಹೆಸರಿನ ಮುಂದೆ ಗಂಡನ ಹೆಸರು ಬಂದು ಕೂರುತ್ತೆ. ಪಾಸ್‌ಪೋರ್ಟ್ ಮಾತ್ರ ಬೀರುವಿನಲ್ಲಿ ಹಾಗೇ ಇರುತ್ತೆ.

ಟಿಕೆಟ್ ಬುಕ್ ಮಾಡೋ ದಿನ ಅಂಗಡಿಯವರು ‘ಅಕ್ಕಾ, ಆಧಾರ್ ಫೋಟೋ ವಾಟ್ಸಾಪ್ ಮಾಡಿ, ಸಾಕು’ ಅಂತಾರೆ. ಇಲ್ಲವೇ ಗಂಡ ಅಲ್ಲಿಂದಲೇ ಮೊಬೈಲ್‌ನಲ್ಲಿ ತನ್ನ ಹೆಸರು ಸೇರಿಸಿ ಬುಕ್ ಮಾಡಿ ಕಳಿಸ್ತಾನೆ. ತಪ್ಪು ಆಗೋದು ಆ ನಿಮಿಷದಲ್ಲಿ. ಗೊತ್ತಾಗೋದು ಎಷ್ಟೋ ದಿನ ಆದ್ಮೇಲೆ, ಕೆಲವೊಮ್ಮೆ ವಿಮಾನ ನಿಲ್ದಾಣದಲ್ಲಿ.

ಒಂದು ಉದಾಹರಣೆ ಹಿಡಿದು ನೋಡೋಣ

ಅರ್ಥ ಆಗಲಿ ಅಂತ ಒಂದು ಕಾಲ್ಪನಿಕ ಹೆಸರು ಇಟ್ಟುಕೊಳ್ಳೋಣ. ನ್ಯಾಮತಿ ಕಡೆಯ ಕಾವ್ಯ. ತಂದೆ ಬಸವರಾಜ್, ಗಂಡ ಮಂಜುನಾಥ್. ಗಂಡ ದುಬೈನಲ್ಲಿ. ಪಾಸ್‌ಪೋರ್ಟ್ ಮದುವೆಗೆ ಮೊದಲು ಮಾಡಿಸಿದ್ದು, ಇನ್ನೂ 4 ವರ್ಷ ಅವಧಿ ಇದೆ. ವಿಸಾ ಬಂದಿದೆ. ಪ್ರಯಾಣಕ್ಕೆ 20 ದಿನ ಇದೆ. ಟಿಕೆಟ್ ಬುಕ್ ಆಗಿರೋದು ಆಧಾರ್ ನೋಡಿ.

ಮೊದಲ ಕೆಲಸ, ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟ ತೆಗೆದು ಎರಡು ಸಾಲು ಬರೆದುಕೊಳ್ಳೋದು. `Surname` ಎದುರು ಏನಿದೆ, `Given Name(s)` ಎದುರು ಏನಿದೆ. ಅನುಮಾನ ಇದ್ದರೆ ಅದೇ ಪುಟದ ತಳದಲ್ಲಿ `<<<` ಗುರುತುಗಳಿರುವ ಎರಡು ಸಾಲು ನೋಡಿ. ಯಂತ್ರ ಓದೋದು ಅದನ್ನೇ. ಕಾವ್ಯಾಳ ಪಾಸ್‌ಪೋರ್ಟ್‌ನಲ್ಲಿ ಮೊದಲ ಸಾಲು ಹೀಗಿರುತ್ತೆ:

```
P<INDBASAVARAJ<<KAVYA<<<<<<<<<<<<<<<<<<<<<<<
```

`IND` ಆದ ತಕ್ಷಣ ಬರೋದು ಸರ್‌ನೇಮ್. ಎರಡು `<<` ಆದ ಮೇಲೆ ಬರೋದು ಸ್ವಂತ ಹೆಸರು. ಅಂದರೆ ಸರ್‌ನೇಮ್ ಬಸವರಾಜ್, ಹೆಸರು ಕಾವ್ಯ. ಟಿಕೆಟ್‌ನಲ್ಲೂ ಇದೇ ಕ್ರಮ ಇರುತ್ತೆ, ನಡುವೆ ಓರೆ ಗೆರೆ ಹಾಕಿರ್ತಾರೆ:

```
ticket:  MANJUNATH/KAVYA MRS
correct: BASAVARAJ/KAVYA MRS
```

ಹೆಸರು ಸರಿ ಇದೆ, ಸರ್‌ನೇಮ್ ಪೂರ್ತಿ ಬೇರೆ. ಒಂದೆರಡು ಅಕ್ಷರದ ಸ್ಪೆಲಿಂಗ್ ತಪ್ಪಾಗಿದ್ದರೆ ಕಂಪನಿಗಳು ಸುಲಭವಾಗಿ ತಿದ್ದುತ್ತವೆ. ಇಡೀ ಪದವೇ ಬದಲಾಗಬೇಕು ಅಂದಾಗ ‘ಇದು ಅದೇ ಮನುಷ್ಯಳಾ, ಇಲ್ಲ ಟಿಕೆಟನ್ನ ಬೇರೆಯವರಿಗೆ ಕೊಡ್ತಿದ್ದಾರಾ’ ಅನ್ನೋ ಪ್ರಶ್ನೆ ಬರುತ್ತೆ. ವಿಮಾನ ಟಿಕೆಟ್ ಒಬ್ಬರಿಂದ ಇನ್ನೊಬ್ಬರಿಗೆ ವರ್ಗ ಆಗಲ್ಲ. ಹಾಗಾಗಿ ಇಬ್ಬರೂ ಒಬ್ಬಳೇ ಅಂತ ತೋರಿಸೋ ಕಾಗದ ಇಲ್ಲಿ ಬೇಕಾಗುತ್ತೆ. ಅದು ಮದುವೆ ನೋಂದಣಿ ಪ್ರಮಾಣಪತ್ರ. ತವರಿನ ಹೆಸರು, ತಂದೆ ಹೆಸರು, ಗಂಡನ ಹೆಸರು ಮೂರನ್ನೂ ಒಂದೇ ಹಾಳೆಯಲ್ಲಿ ಜೋಡಿಸೋ ಕಾಗದ ಅದು. ಇನ್ನೂ ಮಾಡಿಸಿಲ್ಲ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಬಹುದು.

ಎರಡನೇ ಕೆಲಸ, ಟಿಕೆಟ್ ಎಲ್ಲಿ ತಗೊಂಡಿರೋ ಅಲ್ಲಿಗೇ ಹೋಗೋದು. ಕಂಪನಿಯ ವೆಬ್‌ಸೈಟ್‌ನಲ್ಲೇ ಬುಕ್ ಆಗಿದ್ದರೆ ಕಂಪನಿಯ ಕಸ್ಟಮರ್ ಕೇರ್. ಟ್ರಾವೆಲ್ ಏಜೆಂಟ್ ಅಥವಾ ಬುಕಿಂಗ್ ಆ್ಯಪ್ ಮೂಲಕ ಆಗಿದ್ದರೆ ಮೊದಲು ಅವರು. ಏಜೆಂಟ್ ಕೊಟ್ಟ ಟಿಕೆಟ್‌ಗೆ ಕೈ ಹಾಕೋಕೆ ಕಂಪನಿಯವರು ಸಾಮಾನ್ಯವಾಗಿ ಒಪ್ಪಲ್ಲ, ‘ನಿಮ್ಮ ಏಜೆಂಟ್ ಹತ್ತಿರ ಹೋಗಿ’ ಅಂತ ವಾಪಸ್ ಕಳಿಸ್ತಾರೆ. ಗಂಡ ದುಬೈನ ಏಜೆಂಟ್ ಹತ್ತಿರ ತೆಗೆಸಿದ್ದರೆ ಓಡಾಡಬೇಕಾದ್ದು ಗಂಡ, ನೀವಲ್ಲ.

ಫೋನ್‌ನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಕೂಡ ಮಾಡಿ. ಅದರಲ್ಲಿ ಪಿಎನ್‌ಆರ್, 13 ಅಂಕಿಯ ಇ-ಟಿಕೆಟ್ ನಂಬರ್ ಇದ್ದರೆ ಅದು, ಪ್ರಯಾಣದ ದಿನ, ಟಿಕೆಟ್‌ನಲ್ಲಿ ಈಗಿರುವ ಹೆಸರು, ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಇಷ್ಟು ಸಾಕು. ಜೊತೆಗೆ ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆ ಪುಟ, ಮದುವೆ ಪ್ರಮಾಣಪತ್ರ, ವಿಸಾ ಪ್ರತಿ. ಕೇಳುವಾಗ ಪದ ಸರಿಯಾಗಿ ಬಳಸಿ: ನಿಮಗೆ ಬೇಕಿರೋದು ‘ನೇಮ್ ಕರೆಕ್ಷನ್’, ‘ನೇಮ್ ಚೇಂಜ್’ ಅಲ್ಲ. ಚೇಂಜ್ ಅಂದರೆ ಬೇರೆ ಮನುಷ್ಯರ ಹೆಸರಿಗೆ ಮಾಡೋದು ಅಂತ ಅವರ ಲೆಕ್ಕ, ಅದಕ್ಕೆ ನೇರವಾಗಿ ಆಗಲ್ಲ ಅಂದುಬಿಡ್ತಾರೆ.

24 ಗಂಟೆಯ ನಿಯಮ

ಬುಕ್ ಮಾಡಿದ 24 ಗಂಟೆ ಒಳಗೆ ಹೆಸರಿನ ತಪ್ಪನ್ನ ತಿಳಿಸಿದರೆ, ಅದೇ ವ್ಯಕ್ತಿಯ ಹೆಸರು ತಿದ್ದೋಕೆ ಕಂಪನಿ ಹೆಚ್ಚುವರಿ ಹಣ ತಗೊಳ್ಳಬಾರದು ಅಂತ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನಿಯಮ ಇದೆ. ಆದರೆ ಟಿಕೆಟನ್ನ ಕಂಪನಿಯ ವೆಬ್‌ಸೈಟ್‌ನಲ್ಲೇ ನೇರವಾಗಿ ತಗೊಂಡಿರಬೇಕು. ಅಂಗಡಿಯಲ್ಲೋ ಆ್ಯಪ್‌ನಲ್ಲೋ ತಗೊಂಡ ಟಿಕೆಟ್‌ಗೆ ಈ ಮಾತು ಹಿಡಿದು ಜಗಳ ಮಾಡೋಕೆ ಬರಲ್ಲ.

ಹಾಗಾಗಿ ಟಿಕೆಟ್ ಕೈಗೆ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಅವತ್ತು ಹಣ ಇಲ್ಲದೆ ಆಗೋ ಕೆಲಸಕ್ಕೆ ವಾರ ಬಿಟ್ಟರೆ ಸಾವಿರಗಟ್ಟಲೆ ಕೇಳಬಹುದು.

ಕಂಪನಿ ಆಗಲ್ಲ ಅಂದರೆ

24 ಗಂಟೆ ದಾಟಿದ ಮೇಲೆ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಮದುವೆ ಪ್ರಮಾಣಪತ್ರ ನೋಡಿ ಶುಲ್ಕ ತಗೊಂಡು ತಿದ್ದಿಕೊಡ್ತಾರೆ. ಕೆಲವರು ಮೂರಕ್ಷರದ ಮೇಲೆ ಆಗಲ್ಲ, ರದ್ದು ಮಾಡಿ ಹೊಸದು ತಗೊಳ್ಳಿ ಅಂತಾರೆ. ಒಂದೇ ಟಿಕೆಟ್‌ನಲ್ಲಿ ಎರಡು ಕಂಪನಿಯ ವಿಮಾನ ಇದ್ದರೆ ಇನ್ನೂ ಬಿಗಿ, ಯಾಕಂದರೆ ಒಬ್ಬರು ತಿದ್ದಿದ್ದನ್ನ ಇನ್ನೊಬ್ಬರೂ ಒಪ್ಪಬೇಕು.

ಆಗ ಎರಡೂ ಲೆಕ್ಕ ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಕಾವ್ಯಾಳ ಟಿಕೆಟ್ 18,000 ರೂಪಾಯಿ ಅಂದುಕೊಳ್ಳಿ. ತಿದ್ದುಪಡಿಗೆ 3,000 ಕೇಳಿದರೆ ಕೊಟ್ಟು ಮುಗಿಸೋದೇ ಲಾಭ. ತಿದ್ದಲ್ಲ ಅಂದರು, ರದ್ದು ಮಾಡಿದರೆ 11,000 ವಾಪಸ್, ಅದೇ ದಿನದ ಹೊಸ ಟಿಕೆಟ್ ಈಗ 21,000 ಅಂತಿಟ್ಟುಕೊಳ್ಳಿ. ಆಗ ಕೈಯಿಂದ ಹೋಗೋದು 10,000. ಈ ಅಂಕಿ ಎಲ್ಲಾ ಬರೀ ಉದಾಹರಣೆಗೆ. ಆದರೆ ದಿನ ಹತ್ತಿರ ಬಂದಷ್ಟೂ ಹೊಸ ಟಿಕೆಟ್ ದರ ಸಾಮಾನ್ಯವಾಗಿ ಏರುತ್ತೆ, ಹಳೇದರ ವಾಪಸ್ ಹಣ ಇಳಿಯುತ್ತೆ. ‘ನೋಡೋಣ ಬಿಡು’ ಅಂತ ಕೂತರೆ ಎರಡೂ ಕಡೆಯಿಂದ ಹೊಡೆತ.

ರದ್ದು ಮಾಡೋದೇ ಆದರೆ ವಿಮಾನ ಹೊರಡುವ ಮೊದಲೇ ಮಾಡಿ. ಸುಮ್ಮನೆ ಬಿಟ್ಟರೆ ‘ನೋ ಶೋ’ ಅಂತ ಬೀಳುತ್ತೆ, ಟಿಕೆಟ್ ದರ ಹೋದ ಹಾಗೇ. ಆಗಲೂ ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನ ವಾಪಸ್ ಕೊಡಬೇಕು ಅಂತ ಡಿಜಿಸಿಎ ನಿಯಮ ಇದೆ. ಅದನ್ನ ಕೇಳಿ ಪಡೀಬೇಕು.

ಈಗಲೇ ಪಾಸ್‌ಪೋರ್ಟ್ ಬದಲಿಸಿದರೆ ಏನಾಗುತ್ತೆ

ಕಾವ್ಯ ಟಿಕೆಟ್ ಬಿಟ್ಟು ಪಾಸ್‌ಪೋರ್ಟ್ ಬದಲಿಸೋಕೆ ಹೋಗಿದ್ದರೆ? ಪಾಸ್‌ಪೋರ್ಟ್‌ನಲ್ಲಿ ‘ಹೆಸರು ತಿದ್ದುಪಡಿ’ ಅಂತ ಒಂದು ಸಾಲು ತಿದ್ದಿ ಕೊಡುವ ಪದ್ಧತಿ ಇಲ್ಲ. ಹೊಸ ಪುಸ್ತಕವೇ ಬರುತ್ತೆ, ನಂಬರ್ ಕೂಡ ಹೊಸದು. ಹಳೇದನ್ನ ರದ್ದು ಮಾಡಿ ವಾಪಸ್ ಕೊಡ್ತಾರೆ.

ಇಲ್ಲೇ ಇರೋದು ದೊಡ್ಡ ಗುಂಡಿ. ಕಾವ್ಯಾಳ ವಿಸಾ ಹಳೆ ಪಾಸ್‌ಪೋರ್ಟ್ ನಂಬರಿಗೆ, ಹಳೆ ಹೆಸರಿಗೆ ಬಂದಿದೆ. ಇ-ವಿಸಾ ಅನ್ನೋದು ಪಾಸ್‌ಪೋರ್ಟ್ ನಂಬರಿಗೆ ಕಟ್ಟಿಹಾಕಿರುವ ದಾಖಲೆ. ನಂಬರ್ ಬದಲಾದರೆ ಟಿಕೆಟ್ ಸರಿಹೋಗುತ್ತೆ, ವಿಸಾ ಕೆಡುತ್ತೆ. ಟಿಕೆಟ್ ತಪ್ಪು ಸಾವಿರಗಳಲ್ಲಿ ಮುಗಿಯುತ್ತೆ. ವಿಸಾ ಕೆಟ್ಟರೆ ಗಂಡ ಅಲ್ಲಿ ಮತ್ತೆ ಮೊದಲಿನಿಂದ ಓಡಾಡಬೇಕು. ಜೊತೆಗೆ ಹೊಸದು ಬರೋವರೆಗೆ ಕೈಯಲ್ಲಿ ಊರ್ಜಿತ ಪಾಸ್‌ಪೋರ್ಟೇ ಇರಲ್ಲ. ಪೊಲೀಸ್ ವೆರಿಫಿಕೇಷನ್ ಬಂದರೆ, ತವರು ವಿಳಾಸ ಗಂಡನ ಮನೆ ವಿಳಾಸ ಅಂತ ಠಾಣೆ ಬದಲಾದರೆ ದಿನ ಎಳೆಯುತ್ತೆ.

ಹಾಗಾದರೆ ಯಾವಾಗ ಬದಲಿಸಬೇಕು? ವಿಸಾಗೆ ಇನ್ನೂ ಅರ್ಜಿ ಹಾಕಿಲ್ಲ, ಟಿಕೆಟ್ ತಗೊಂಡಿಲ್ಲ ಅಂದರೆ ಧಾರಾಳವಾಗಿ ಈಗಲೇ ಬದಲಿಸಿ. ಪಾಸ್‌ಪೋರ್ಟ್ ಅವಧಿ 6 ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಹೇಗಿದ್ದರೂ ಹೊಸದು ಮಾಡಿಸಬೇಕು, ಎಷ್ಟೋ ದೇಶಗಳು 6 ತಿಂಗಳು ಬಾಕಿ ಇರಲೇಬೇಕು ಅಂತಾವೆ. ಆಗ ಹೆಸರನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಕ್ರಮ ನೆನಪಿಟ್ಟುಕೊಳ್ಳಿ: ಮೊದಲು ಪಾಸ್‌ಪೋರ್ಟ್, ಆಮೇಲೆ ವಿಸಾ, ಕೊನೆಗೆ ಟಿಕೆಟ್.

ಬದಲಿಸೋರಿಗೆ: ದಾವಣಗೆರೆಯಲ್ಲೇ ಆಗುತ್ತೆ

ಅರ್ಜಿ ಹಾಕೋದು passportindia.gov.in ನಲ್ಲಿ. ಅಲ್ಲಿ `Re-issue of Passport` ಆರಿಸಿ, ಕಾರಣ ಕೇಳಿದ ಕಡೆ `Change in Existing Personal Particulars` ಅನ್ನೋದನ್ನ ಆರಿಸಬೇಕು. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಅದರ ಮೇಲೆ 2,000. ಈ ನಾಲ್ಕೂ ತಾಲೂಕಿನವರಿಗೆ ದಾವಣಗೆರೆಯಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಪಾಯಿಂಟ್‌ಮೆಂಟ್ ತಗೊಂಡು ಖುದ್ದು ಹೋಗಬೇಕು.

ಒಯ್ಯಬೇಕಾದ್ದು ಹಳೆ ಪಾಸ್‌ಪೋರ್ಟ್ ಮೂಲ ಪ್ರತಿ ಮತ್ತು ಅದರ ಮೊದಲ ಎರಡು, ಕೊನೆಯ ಎರಡು ಪುಟದ ಜೆರಾಕ್ಸ್, ಈಗಿನ ವಿಳಾಸದ ದಾಖಲೆ, ಮದುವೆ ನೋಂದಣಿ ಪ್ರಮಾಣಪತ್ರ. ಪ್ರಮಾಣಪತ್ರ ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರ ಜಂಟಿ ಫೋಟೋ ಅಂಟಿಸಿ ಇಬ್ಬರೂ ಸಹಿ ಮಾಡುವ ಘೋಷಣೆ ಪತ್ರದ ನಮೂನೆ ಅದೇ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಹೋಗೋ ಮೊದಲು ಆಧಾರ್‌ನಲ್ಲಿ ಹೊಸ ಹೆಸರು ಹೇಗಿದೆ ನೋಡಿ. ಆಧಾರ್‌ನಲ್ಲಿ ‘ಕಾವ್ಯ ಎಂ’ ಇದ್ದು ಅರ್ಜಿಯಲ್ಲಿ ‘ಕಾವ್ಯ ಮಂಜುನಾಥ್’ ಅಂತ ಬರೆದರೆ ಕೌಂಟರ್‌ನಲ್ಲೇ ತಡೆ ಬೀಳಬಹುದು.

ಒಂದು ವಿಷಯ ಬಹಳ ಜನ ಗೊಂದಲ ಮಾಡ್ಕೊಳ್ತಾರೆ. ಪಾಸ್‌ಪೋರ್ಟ್‌ನ ಕೊನೆ ಪುಟದಲ್ಲಿ ಗಂಡನ ಹೆಸರು ಸೇರಿಸೋದು ಬೇರೆ, ಮೊದಲ ಪುಟದಲ್ಲಿ ಸರ್‌ನೇಮ್ ಬದಲಿಸೋದು ಬೇರೆ. ಸರ್‌ನೇಮ್ ತವರಿನದ್ದೇ ಉಳಿಸಿಕೊಂಡು ಕೊನೆ ಪುಟದಲ್ಲಿ ಗಂಡನ ಹೆಸರು ಮಾತ್ರ ಹಾಕಿಸಬಹುದು. ಆಗ ಓದಿನ ಅಂಕಪಟ್ಟಿ, ಪಾಸ್‌ಪೋರ್ಟ್ ಎರಡರಲ್ಲೂ ಒಂದೇ ಹೆಸರು ಉಳಿಯುತ್ತೆ. ನರ್ಸಿಂಗ್, ಟೀಚಿಂಗ್ ಅಂತ ಮುಂದೆ ವಿದೇಶದಲ್ಲಿ ಕೆಲಸ ನೋಡೋರಿಗೆ ಇದು ಅನುಕೂಲ. ಆದರೆ ಇದಕ್ಕೂ ಹೊಸ ಪುಸ್ತಕ, ಹೊಸ ನಂಬರೇ.

ಜನ ನಂಬಿ ಕೆಡುವ ಮೂರು ಮಾತು

‘ವೆಬ್ ಚೆಕ್-ಇನ್ ಆಯ್ತು, ಇನ್ನೇನು ತೊಂದರೆ ಇಲ್ಲ.’ ಕೆಲವೊಮ್ಮೆ ಮೊಬೈಲ್‌ನಲ್ಲಿ ಚೆಕ್-ಇನ್ ಆಗಿಬಿಡುತ್ತೆ, ಯಾಕಂದರೆ ಆ ಹೊತ್ತಿಗೆ ಯಾರೂ ಪಾಸ್‌ಪೋರ್ಟ್ ನೋಡಿರಲ್ಲ. ಬೆಂಗಳೂರಿನ ಕೌಂಟರ್‌ನಲ್ಲಿ ಪಾಸ್‌ಪೋರ್ಟ್, ವಿಸಾ, ಟಿಕೆಟ್ ಮೂರನ್ನೂ ಹೋಲಿಸಿ ನೋಡ್ತಾರೆ. ವಿದೇಶ ವಿಮಾನಗಳ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತೆ. ಅಲ್ಲಿ ಗೊತ್ತಾದರೆ ಏಜೆಂಟ್‌ಗೆ ಫೋನ್ ಹಚ್ಚಿ, ಅವರು ಕಂಪನಿಗೆ ಬರೆದು, ಟಿಕೆಟ್ ಮತ್ತೆ ಬರೋಷ್ಟರಲ್ಲಿ ಹೊತ್ತು ಮೀರಿರುತ್ತೆ.

‘ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಇಟ್ಟುಕೊಂಡರೆ ಸಾಕು.’ ಇಬ್ಬರೂ ಒಬ್ಬಳೇ ಅಂತ ಬಾಂಡ್ ಪೇಪರ್ ಮೇಲೆ ಬರೆಸಿದ್ದನ್ನ ವಿಮಾನ ಕಂಪನಿ ಒಪ್ಪಲೇಬೇಕು ಅಂತ ಏನಿಲ್ಲ. ಮದುವೆ ಪ್ರಮಾಣಪತ್ರ ಕೂಡ ಟಿಕೆಟ್ ತಿದ್ದಿಸೋಕೆ ಬೇಕಾದ ಆಧಾರ, ತಿದ್ದಿಸದೇ ಹೋಗೋಕೆ ಪರವಾನಗಿ ಅಲ್ಲ.

‘ಬುಕಿಂಗ್‌ನಲ್ಲಿ ನೋಟ್ ಹಾಕಿದ್ದೀವಿ ಬಿಡಿ.’ ಏಜೆಂಟ್ ಹೀಗಂದರೆ ಹೊಸ ಇ-ಟಿಕೆಟ್ ಪ್ರತಿ ಕೊಡಿ ಅನ್ನಿ. ತಿದ್ದುಪಡಿ ನಿಜವಾಗಿ ಆಗಿದ್ದರೆ ಟಿಕೆಟ್ ಮೇಲೆ ಪಾಸ್‌ಪೋರ್ಟ್ ಹೆಸರು ಅಚ್ಚಾಗಿರುತ್ತೆ. ಅದೇ ಪಿಎನ್‌ಆರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ನೀವೇ ತೆರೆದು ನೋಡಿ. ಅಲ್ಲಿ ಇನ್ನೂ ಗಂಡನ ಹೆಸರೇ ಕಂಡರೆ ಕೆಲಸ ಆಗಿಲ್ಲ. ಹೋಗೋ ಟಿಕೆಟ್ ಬೇರೆ, ಬರೋ ಟಿಕೆಟ್ ಬೇರೆ ಪಿಎನ್‌ಆರ್ ಆಗಿದ್ದರೆ ಎರಡನ್ನೂ ನೋಡಬೇಕು. ಒಂದನ್ನ ತಿದ್ದಿಸಿ ಇನ್ನೊಂದನ್ನ ಮರೆತರೆ ವಾಪಸ್ ಬರುವಾಗ ಅಲ್ಲಿ ಸಿಕ್ಕಿಹಾಕಿಕೊಳ್ತೀರಿ.

ಬುಕಿಂಗ್ ಮಾಡಿಕೊಡುವ ಅಂಗಡಿಯವರಿಗೆ

ವಿದೇಶ ಟಿಕೆಟ್‌ಗೆ ಆಧಾರ್ ಫೋಟೋ ಕೇಳಲೇಬೇಡಿ. ಪಾಸ್‌ಪೋರ್ಟ್‌ನ ಫೋಟೋ ಪುಟ ಇಲ್ಲದೆ ಹೆಸರು ಟೈಪ್ ಮಾಡಬೇಡಿ. `Surname` ಜಾಗ ಖಾಲಿ ಇರುವ ಪಾಸ್‌ಪೋರ್ಟ್‌ಗಳೂ ನಮ್ಮ ಕಡೆ ಇವೆ. ಅಂಥವಕ್ಕೆ ಟಿಕೆಟ್‌ನಲ್ಲಿ ಏನು ತುಂಬಬೇಕು ಅನ್ನೋದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಊಹೆ ಮಾಡಿ ಗಂಡನ ಹೆಸರು ಹಾಕೋ ಬದಲು ಕಂಪನಿಯನ್ನ ಕೇಳಿ ಹಾಕಿ. ಹಣ ಕಟ್ಟೋ ಮೊದಲು ಹೆಸರಿರುವ ಪರದೆಯನ್ನ ಗಿರಾಕಿಗೆ ತೋರಿಸಿ, ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, ‘ಸರಿ ಇದೆ’ ಅಂತ ಬರೆಸಿಕೊಳ್ಳಿ. ನಾಳೆ ತಪ್ಪು ಯಾರದ್ದು ಅಂತ ಅಂಗಡಿ ಮುಂದೆ ಮಾತು ಬೆಳೆಯೋದು ತಪ್ಪುತ್ತೆ.

ನಮ್ಮ ಉದಾಹರಣೆಯ ಕಾವ್ಯಾಳ ವಿಷಯ ಹೀಗೆ ಮುಗಿಯುತ್ತೆ: ಪಾಸ್‌ಪೋರ್ಟ್ ಮುಟ್ಟಲ್ಲ, ಏಜೆಂಟ್ ಮೂಲಕ ಟಿಕೆಟ್ ತಿದ್ದಿಸ್ತಾಳೆ, ಹೊಸ ಪ್ರತಿಯನ್ನ ಪಾಸ್‌ಪೋರ್ಟ್ ಪಕ್ಕ ಇಟ್ಟು ನೋಡ್ತಾಳೆ, ಮದುವೆ ಪ್ರಮಾಣಪತ್ರವನ್ನ ಕೈಚೀಲದಲ್ಲಿ ಇಟ್ಟುಕೊಂಡು ತವರಿನ ಹೆಸರಲ್ಲೇ ಗಂಡನ ಹತ್ತಿರ ಹೋಗ್ತಾಳೆ. ಗಂಡನ ಹೆಸರು ಬೇಕು ಅನ್ನಿಸಿದರೆ, ಹಳೆ ವಿಸಾದ ಕೆಲಸ ಮುಗಿದ ಮೇಲೆ ದಾವಣಗೆರೆಗೆ ಹೋದರಾಯ್ತು.